ಮನೆ ಫೋಟೋಗೆ ಬೇರೆ ಆಕಾಶ: ಗೋಡೆ ಸಪ್ಪೆಯಾಗಬಾರದು, ಬಿಸಿಲಿನ ದಿಕ್ಕೂ ತಪ್ಪಬಾರದು

ಮೈಸೂರಲ್ಲಿ ಮನೆಗಳ ಎಲಿವೇಶನ್ ಫೋಟೋ ತೆಗೆದು ಎಡಿಟ್ ಮಾಡುವುದು ನನ್ನ ಕೆಲಸ. ಬಿಲ್ಡರುಗಳು, ಮನೆ ಮಾರುವವರು, ಕೆಲವೊಮ್ಮೆ ಆರ್ಕಿಟೆಕ್ಟುಗಳು ಕೇಳುವ ಮೊದಲ ಮಾತು ಒಂದೇ: "ಸಾರ್, ಆಕಾಶ ಸ್ವಲ್ಪ ನೀಲಿ ಮಾಡ್ಕೊಡಿ." ಈ ಕೆಲಸ ಕಲಿಯಲು ಬಂದ ಹುಡುಗರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆಗೆ ಒಂದೇ ಮನೆ ಇಟ್ಟುಕೊಂಡಿದ್ದೇನೆ. ಬೋಗಾದಿ ಕಡೆಯ 30x40 ಸೈಟು, ಪೂರ್ವಕ್ಕೆ ಮುಖ, ಕೆನೆ ಬಣ್ಣದ ಗೋಡೆ, ಬಿಳಿ ಪ್ಯಾರಾಪೆಟ್, ಹಿಂದೆ ಎರಡು ತೆಂಗಿನ ಮರ, ತಾರಸಿ ಮೇಲೆ ಸೋಲಾರ್ ಹೀಟರ್. ನವೆಂಬರ್ ಕೊನೆಯಲ್ಲಿ ಬೆಳಿಗ್ಗೆ 9 ಗಂಟೆಗೆ ತೆಗೆದ ಫೋಟೋ. ತೆಳು ಮೋಡದ ಮೂಲಕ ಬಿಸಿಲು ಬಿದ್ದಿತ್ತು, ನೆರಳೂ ಇತ್ತು. ಆಕಾಶ ಮಾತ್ರ ಹಾಲಿನ ಹಾಗೆ ಬಿಳಿ. ಮೆನುವಿನ ಹೆಸರುಗಳು ಫೋಟೋಶಾಪಿನವು.

ಆಕಾಶ ಮಾತ್ರ ಬದಲಿಸಿದೆ. ಗೋಡೆ ಯಾಕೆ ಸಪ್ಪೆಯಾಯಿತು?

ಆಕಾಶ ಮಾತ್ರ ಬದಲಿಸಿದೆ ಅಂದುಕೊಂಡಿದ್ದೀರಿ. ಹತ್ತರಲ್ಲಿ ಒಂಬತ್ತು ಸಲ ಗೋಡೆಯೂ ಬದಲಾಗಿರುತ್ತದೆ. ಅದು ಕಣ್ಣಿಗೆ ಬೇಗ ಕಾಣುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಎಲ್ಲರೂ ಹೊಸ ಮೋಡ ನೋಡುತ್ತಾ ಕೂತಿರುತ್ತಾರೆ.

ಹಾಗಾಗಿ ನಾನು ಆಕಾಶ ಮುಟ್ಟುವ ಮುಂಚೆಯೇ Color Sampler Tool ತೆಗೆದುಕೊಂಡು ಎರಡು ಜಾಗದಲ್ಲಿ ಗುರುತು ಹಾಕುತ್ತೇನೆ. ಒಂದು, ಬಿಸಿಲು ಬಿದ್ದ ಗೋಡೆ. ಇನ್ನೊಂದು, ಸಜ್ಜಾ ಕೆಳಗಿನ ನೆರಳು. Info ಫಲಕದಲ್ಲಿ ಎರಡರ G ಸಂಖ್ಯೆಯನ್ನು ಚೀಟಿಯಲ್ಲಿ ಬರೆದಿಡುತ್ತೇನೆ. ಬೋಗಾದಿ ಮನೆಯಲ್ಲಿ ಬಿಸಿಲ ಗೋಡೆ 224, ನೆರಳು 92. ನಡುವಿನ ಅಂತರ 132. ಗೋಡೆಗೆ ಮೈಕಟ್ಟು ಕೊಡುವುದು ಈ ಅಂತರವೇ. ಕೆಲಸ ಮುಗಿದ ಮೇಲೂ ಈ ಎರಡು ಸಂಖ್ಯೆ ಹಾಗೇ ಇರಬೇಕು, ಒಂದೆರಡು ಅಂಕಿ ಆಚೀಚೆ ಆದರೆ ಪರವಾಗಿಲ್ಲ.

ಅಂತರ ಕಡಿಮೆಯಾಗಲು ಸಾಮಾನ್ಯವಾಗಿ ಎರಡು ದಾರಿ. ಒಂದು, ಹೊಸ ಆಕಾಶಕ್ಕೆ "ಹೊಂದಿಸುತ್ತೇನೆ" ಅಂತ ಪ್ರೋಗ್ರಾಮೇ ಮನೆಯ ಮೇಲೂ ಕೈ ಆಡಿಸುವುದು. ಇನ್ನೊಂದು, ಮಾಸ್ಕ್ ಸೋರುವುದು. ಎರಡನ್ನೂ ಮುಂದೆ ಹೇಳುತ್ತೇನೆ. ಒಂದು ಮಾತು ಈಗಲೇ ನೆನಪಿರಲಿ: ಗೋಡೆಯ ಕಾಂಟ್ರಾಸ್ಟ್, ವೈಟ್ ಬ್ಯಾಲೆನ್ಸ್, ಕಂಬಗಳನ್ನು ನೆಟ್ಟಗೆ ಮಾಡುವುದು, ಎಲ್ಲ ಮೊದಲೇ ಮುಗಿಸಿ. ಆಕಾಶ ಕೊನೆಗೆ. ಆಕಾಶ ಹಾಕಿದ ಮೇಲೆ ಮನೆ ನೆಟ್ಟಗೆ ಮಾಡಿದರೆ ಮೋಡಗಳೂ ಎಳೆದುಕೊಂಡು ಉದ್ದವಾಗುತ್ತವೆ.

ಬಿಸಿಲು ಯಾವ ಕಡೆಯಿಂದ ಬರುತ್ತಿದೆ ಅಂತ ಫೋಟೋ ನೋಡಿ ಹೇಳುವುದು ಹೇಗೆ?

ಸಜ್ಜಾ ನೋಡಿ. ನಮ್ಮ ಕಡೆಯ ಮನೆಗಳಲ್ಲಿ ಕಿಟಕಿ ಮೇಲೆ ಸಜ್ಜಾ ಇರುವುದು ಎಡಿಟ್ ಮಾಡುವವರ ಪುಣ್ಯ. ಗೋಡೆಗೆ ಅಂಟಿಸಿದ ನೆರಳು ಗಡಿಯಾರ ಅಂದುಕೊಳ್ಳಿ.

ಸಜ್ಜಾದ ಒಂದು ಮೂಲೆ ಹಿಡಿಯಿರಿ. ಆ ಮೂಲೆಯ ನೆರಳು ಗೋಡೆ ಮೇಲೆ ಎಲ್ಲಿ ಬಿದ್ದಿದೆ ಹುಡುಕಿ. ನೆರಳು ಬಲಕ್ಕೆ ಜಾರಿದ್ದರೆ ಸೂರ್ಯ ಎಡಕ್ಕಿದ್ದಾನೆ. ಎಡಕ್ಕೆ ಜಾರಿದ್ದರೆ ಬಲಕ್ಕಿದ್ದಾನೆ. ಎಷ್ಟು ಕೆಳಗೆ ಇಳಿದಿದೆ ಅನ್ನುವುದು ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ ಅಂತ ಹೇಳುತ್ತದೆ. ಸೂರ್ಯ ಗೋಡೆಗೆ ನೇರ ಎದುರಿಗಿದ್ದು 45 ಡಿಗ್ರಿ ಎತ್ತರದಲ್ಲಿದ್ದರೆ, 2 ಅಡಿ ಸಜ್ಜಾದ ನೆರಳು ಸರಿಯಾಗಿ 2 ಅಡಿ ಇಳಿಯುತ್ತದೆ. ಸೂರ್ಯ ಕೆಳಗಿದ್ದಷ್ಟೂ ನೆರಳು ಗಿಡ್ಡ, ಮೇಲೇರಿದಷ್ಟೂ ಉದ್ದ.

ಬೋಗಾದಿ ಮನೆಯ ಸಜ್ಜಾ 2 ಅಡಿ. ಮೂಲೆಯ ನೆರಳು ಸುಮಾರು ಒಂದೂವರೆ ಅಡಿ ಕೆಳಗಿಳಿದು, ಒಂದೂಕಾಲು ಅಡಿಗಿಂತ ಸ್ವಲ್ಪ ಜಾಸ್ತಿ ಬಲಕ್ಕೆ ಜಾರಿತ್ತು. ಲೆಕ್ಕ ಹಾಕಿದರೆ ಸೂರ್ಯ ಸುಮಾರು 33 ಡಿಗ್ರಿ ಎತ್ತರದಲ್ಲಿ, ನೇರ ಪೂರ್ವಕ್ಕಿಂತ ಸುಮಾರು 34 ಡಿಗ್ರಿ ದಕ್ಷಿಣಕ್ಕೆ. ನವೆಂಬರ್ ಕೊನೆಯ 9 ಗಂಟೆಗೆ ಮೈಸೂರಲ್ಲಿ ಸೂರ್ಯ ಇರಬೇಕಾದ ಜಾಗವೇ ಅದು. ಡಿಗ್ರಿ ಲೆಕ್ಕ ಬೇಡ ಅನ್ನುವವರು ಇಷ್ಟು ಬರೆದುಕೊಂಡರೂ ಸಾಕು: "ಸೂರ್ಯ ಕ್ಯಾಮೆರಾ ಹಿಂದೆ, ಎಡಗಡೆ, ಅರ್ಧಕ್ಕಿಂತ ಕಡಿಮೆ ಎತ್ತರ."

ಸಜ್ಜಾ ಇಲ್ಲದಿದ್ದರೆ ಗೇಟಿನ ಕಂಬ, ಬಾಲ್ಕನಿ, ಲೈಟ್ ಕಂಬ ಯಾವುದಾದರೂ ಆಗುತ್ತದೆ. ಮರದ ನೆರಳು ಮಾತ್ರ ಬೇಡ. ಯಾವ ಎಲೆಯ ನೆರಳು ಎಲ್ಲಿ ಬಿತ್ತು ಅಂತ ಯಾರಿಗೆ ಗೊತ್ತು?

ಸರಿ, ಈ ಮನೆಗೆ ಎಂಥ ಆಕಾಶ ಹುಡುಕಬೇಕು?

ಸೂರ್ಯ ಬೆನ್ನ ಹಿಂದೆ ಇದ್ದಾಗ ಎದುರಿಗೆ ಕಾಣುವಂಥ ಆಕಾಶ. ಇದೇ ಮುಖ್ಯ. ಆಕಾಶ ಎಲ್ಲ ಕಡೆ ಒಂದೇ ನೀಲಿ ಅಲ್ಲ. ಸೂರ್ಯನ ಹತ್ತಿರ ಬೆಳ್ಳಗೆ ಹೊಳೆಯುತ್ತದೆ. ಸೂರ್ಯನಿಂದ ಸುಮಾರು 90 ಡಿಗ್ರಿ ದೂರದಲ್ಲಿ ಗಾಢ ನೀಲಿ. ನೆಲದ ಅಂಚಿಗೆ ಬಂದ ಹಾಗೆ ಮತ್ತೆ ತಿಳಿಯಾಗುತ್ತದೆ. ನಮ್ಮ ಮನೆಯ ಕಡೆ ಮುಖ ಮಾಡಿದರೆ ನಾವು ನೋಡುವುದು ಪಶ್ಚಿಮ. ಫ್ರೇಮಿನ ಮೇಲಂಚು ಸೂರ್ಯನಿಂದ ಹೆಚ್ಚುಕಡಿಮೆ 90ರಿಂದ 100 ಡಿಗ್ರಿ ದೂರ ಬೀಳುತ್ತದೆ. ಅಂದರೆ ಮೇಲೆ ಗಾಢ ಇರಬೇಕು, ಪ್ಯಾರಾಪೆಟ್ ಹಿಂದೆ ತಿಳಿ ಇರಬೇಕು. ಎಡಬಲದಲ್ಲಿ ದೊಡ್ಡ ವ್ಯತ್ಯಾಸ ಇರಬಾರದು. ಒಂದು ಮೂಲೆಯಲ್ಲಿ ಬೆಳ್ಳಗೆ ಹೊಳೆಯುವ ಆಕಾಶ ಸಿಕ್ಕಿದರೆ, ಆ ಮೂಲೆಯ ಆಚೆ ಸೂರ್ಯ ಕೂತಿದ್ದಾನೆ ಅಂತ ಅರ್ಥ. ಅದು ಈ ಮನೆಗೆ ಆಗುವುದಿಲ್ಲ.

ಮೋಡಕ್ಕೂ ಬಿಸಿಲು ಕಡೆ, ನೆರಳು ಕಡೆ ಇರುತ್ತದೆ. ಹತ್ತಿಯಂಥ ಮೋಡದ ಹೊಳೆಯುವ ಮೈ ನಮ್ಮ ಕಡೆಗೆ, ಸ್ವಲ್ಪ ಎಡಕ್ಕೆ ತಿರುಗಿರಬೇಕು. ಬೂದು ಭಾಗ ಕೆಳಗೆ ಮತ್ತು ಬಲಕ್ಕೆ. ಅಂಚು ಮಾತ್ರ ಬೆಳ್ಳಿಯ ಹಾಗೆ ಹೊಳೆಯುತ್ತಾ ಹೊಟ್ಟೆ ಕಪ್ಪಗಿದ್ದರೆ ಆ ಮೋಡದ ಹಿಂದೆ ಸೂರ್ಯ ಇದ್ದಾನೆ. ನೋಡಲು ಎಷ್ಟೇ ಚಂದ ಇದ್ದರೂ ಬಿಡಿ.

ಇನ್ನೊಂದು, ಮೋಡದ ಗಾತ್ರ. ಮನೆಯನ್ನು 16 ಅಥವಾ 18 ಎಂಎಂ ಲೆನ್ಸಿನಲ್ಲಿ ತೆಗೆದು, ಆಕಾಶವನ್ನು ಜೂಮ್ ಲೆನ್ಸಿನ ಫೋಟೋದಿಂದ ತಂದರೆ ಒಂದೇ ಮೋಡ ಮೂರು ಮನೆಯಷ್ಟು ಅಗಲ ಕೂರುತ್ತದೆ. ಅಂಥ ಫೋಟೋದಲ್ಲಿ ಎರಡು ಅಂತಸ್ತಿನ ಮನೆ ಆಟಿಕೆಯ ಹಾಗೆ ಕಾಣುತ್ತದೆ. ಅದಕ್ಕೇ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಒಳ್ಳೆಯ ಆಕಾಶ ಕಂಡ ದಿನ ತಾರಸಿ ಹತ್ತಿ, ಮನೆಗೆ ಬಳಸುವ ಅದೇ ಲೆನ್ಸಿನಲ್ಲಿ ನಾಲ್ಕೂ ದಿಕ್ಕಿಗೆ ಒಂದೊಂದು ಫೋಟೋ ತೆಗೆಯುತ್ತೇನೆ. ಫೋಲ್ಡರಿಗೆ "ಪಶ್ಚಿಮ, ಬೆಳಿಗ್ಗೆ 9, ನವೆಂಬರ್" ಅಂತ ಹೆಸರು. ಆಮೇಲೆ ಹುಡುಕಾಟವೇ ಇಲ್ಲ. ಕೊಂಡ ಆಕಾಶಗಳಲ್ಲಿ ಈ ಮಾಹಿತಿ ಸಾಮಾನ್ಯವಾಗಿ ಇರುವುದಿಲ್ಲ.

ಗಿರಾಕಿಗೆ ಸಂಜೆಯ ಕೆಂಪು ಆಕಾಶವೇ ಬೇಕಂತೆ. ಹಾಕಲಾ?

ಈ ಮನೆಗೆ ಬೇಡ. ಅದರ ಹಿಂದೆ ಇರುವುದು ಪಶ್ಚಿಮ. ಅಲ್ಲಿ ಸೂರ್ಯ ಮುಳುಗುತ್ತಿದ್ದರೆ ಮನೆಯ ಮುಖ ಪೂರ್ತಿ ನೆರಳಲ್ಲಿ ಇರಬೇಕು. ಆದರೆ ಫೋಟೋದಲ್ಲಿ ಗೋಡೆ ಮೇಲೆ ಬೆಳಗಿನ ಬಿಸಿಲಿದೆ, ಸಜ್ಜಾದ ನೆರಳಿದೆ. ಒಂದೇ ಮನೆಗೆ ಎರಡು ಸೂರ್ಯ ಆಯಿತು.

ಗಿರಾಕಿಗೆ ಇದನ್ನು ಹೇಳುವಾಗ ನಾನು ಅರಮನೆಯ ಉದಾಹರಣೆ ಕೊಡುತ್ತೇನೆ. ಅರಮನೆಯ ಮುಖ ಪೂರ್ವಕ್ಕೆ. ಬೆಳಿಗ್ಗೆ ಹೋದರೆ ಕಮಾನುಗಳೆಲ್ಲ ಬೆಳಗುತ್ತವೆ, ಸಂಜೆ ಹೋದರೆ ಆಕಾಶ ಕೆಂಪು, ಅರಮನೆಯ ಮುಖ ಮಬ್ಬು. ಮೈಸೂರಿನವರಿಗೆ ಇದು ಕಣ್ಣಿಗೆ ರೂಢಿ. ಕಾರಣ ಹೇಳಲು ಬಾರದಿದ್ದರೂ "ಏನೋ ಸರಿಯಿಲ್ಲ" ಅಂತ ಗೊತ್ತಾಗಿಬಿಡುತ್ತದೆ. ಕೆಂಪು ಬೇಕೇ ಬೇಕು ಅಂದರೆ ಸಂಜೆ ಇನ್ನೊಂದು ಸಲ ಹೋಗಿ, ಒಳಗಿನ ದೀಪ ಹಾಕಿಸಿ, ಬೇರೆ ಫೋಟೋ ತೆಗೆಯುವುದೇ ಸರಿ.

ಆಕಾಶವನ್ನು ಎಡಬಲ ತಿರುಗಿಸಬಹುದಾ?

ಧಾರಾಳವಾಗಿ. ಮೋಡದ ಹೊಳೆಯುವ ಕಡೆ ತಪ್ಪಿದ್ದರೆ ಮೊದಲು ಮಾಡಬೇಕಾದ್ದೇ ಅದು. ಮನೆಯನ್ನು ಮಾತ್ರ ತಿರುಗಿಸಬೇಡಿ. ಹೊಸಬನೊಬ್ಬ ಆಕಾಶಕ್ಕೆ ಹೊಂದುತ್ತದೆ ಅಂತ ಮನೆಯನ್ನೇ ತಿರುಗಿಸಿ ಕಳಿಸಿದ್ದ. ಆಗ್ನೇಯದ ಅಡುಗೆಮನೆ ಈಶಾನ್ಯಕ್ಕೆ ಹೋಗಿ ಕೂತಿತ್ತು. ಓನರ್ ಫೋನ್ ಮಾಡಿ ಏನಂದರು ಅಂತ ಇಲ್ಲಿ ಬರೆಯುವುದು ಬೇಡ.

Edit > Sky Replacement ಇದೆಯಲ್ಲ, ಸುಮ್ನೆ ಅದನ್ನೇ ಬಳಸಿದರೆ ಆಗಲ್ವಾ?

ಆಗುತ್ತದೆ. ಆದರೆ ಅದು ಆಕಾಶ ಹಾಕಿ ಸುಮ್ಮನಿರುವುದಿಲ್ಲ. ಅದೇ ಕಿಟಕಿಯ ಕೆಳಭಾಗದಲ್ಲಿ Foreground Lighting, Edge Lighting, Color Adjustment ಅಂತ ಸ್ಲೈಡರುಗಳಿವೆ. ಇವು ಕೆಲಸ ಮಾಡುವುದು ಆಕಾಶದ ಮೇಲಲ್ಲ, ಮುಂದಿರುವ ಮನೆಯ ಮೇಲೆ.

Lighting Mode ಅನ್ನು Multiply ಇಟ್ಟರೆ ಮನೆ ಕಪ್ಪಾಗುತ್ತದೆ, ಅದರಲ್ಲೂ ಬಿಸಿಲ ಗೋಡೆ ಜಾಸ್ತಿ ಇಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ಕಪ್ಪಾಯಿತು ಅಂದುಕೊಳ್ಳಿ. 224 ಇದ್ದದ್ದು 202ರ ಹತ್ತಿರ, 92 ಇದ್ದದ್ದು 83. ಅಂತರ 132ರಿಂದ 119ಕ್ಕೆ ಬಿತ್ತು. Screen ಇಟ್ಟರೆ ಉಲ್ಟಾ, ನೆರಳು ಮೇಲೇಳುತ್ತದೆ. ಅಷ್ಟೇ ಪ್ರಮಾಣಕ್ಕೆ ಬಿಸಿಲ ಗೋಡೆ 227 ಆದರೆ ನೆರಳು 108 ಆಗಿ ಕೂರುತ್ತದೆ. ಅಂತರ 119. ದಾರಿ ಬೇರೆ, ಫಲ ಒಂದೇ: ಸಜ್ಜಾ ಕೆಳಗಿನ ಆಳ ಹೋಯಿತು.

ಹಾಗಾಗಿ ನಾನು Foreground Lighting ಮತ್ತು Color Adjustment ಎರಡನ್ನೂ ಸೊನ್ನೆಗೆ ತರುತ್ತೇನೆ. Output To ಅನ್ನುವಲ್ಲಿ New Layers ಆರಿಸುತ್ತೇನೆ. ಆಗ ಆಕಾಶ, ಮಾಸ್ಕ್ ಎಲ್ಲ ಬೇರೆ ಬೇರೆ ಲೇಯರ್ ಆಗಿ ಸಿಗುತ್ತವೆ, ಆಮೇಲೆ ಕೈಯಲ್ಲಿ ತಿದ್ದಬಹುದು. ಆಕಾಶದ ಮೇಲೆ Curves ಅಥವಾ ಬಣ್ಣದ ಲೇಯರ್ ಹಾಕುವುದಾದರೆ ಅದನ್ನು ಆಕಾಶದ ಲೇಯರಿಗೇ ಕ್ಲಿಪ್ ಮಾಡಿ. ಕ್ಲಿಪ್ ಮಾಡುವುದು ಮರೆತರೆ ಕೆಳಗಿನ ಮನೆಗೂ ಅದೇ ಮದ್ದು ಬೀಳುತ್ತದೆ.

ಹಾಗಾದರೆ ಮನೆಗೆ ಹೊಸ ಆಕಾಶದ ಬಣ್ಣ ಸ್ವಲ್ಪವೂ ತಾಗಬಾರದಾ ಅಂತ ಕೇಳಬಹುದು. ತಾಗಬೇಕು, ನೆರಳಿಗೆ ಮಾತ್ರ. ನೀಲಿ ಆಕಾಶದ ದಿನ ಬಿಸಿಲ ಗೋಡೆಗೆ ಸೂರ್ಯನ ಬಣ್ಣ, ನೆರಳಿಗೆ ಆಕಾಶದ ಬಣ್ಣ. ಅದಕ್ಕೆ ಒಂದು ನೀಲಿ ಬಣ್ಣದ ಲೇಯರ್ ಹಾಕಿ, ಬ್ಲೆಂಡ್ ಮೋಡ್ Color ಇಟ್ಟು, ಒಪಾಸಿಟಿ 5ರಿಂದ 8ಕ್ಕೆ ಇಳಿಸಿ, ಮಾಸ್ಕಿನಿಂದ ಸಜ್ಜಾ ಕೆಳಗೆ, ಪೋರ್ಟಿಕೋ ಒಳಗೆ ಮಾತ್ರ ಬಿಡುತ್ತೇನೆ. Color ಮೋಡ್ ಬಣ್ಣ ಬದಲಿಸುತ್ತದೆ, ಬೆಳಕಿನ ಮಟ್ಟ ಮುಟ್ಟುವುದಿಲ್ಲ. G ಸಂಖ್ಯೆ ಒಂದೆರಡು ಅಂಕಿ ಸರಿದರೂ ನೆರಳಿನ ಆಳ ಉಳಿಯುತ್ತದೆ.

ಬಿಳಿ ಪ್ಯಾರಾಪೆಟ್ಟಿನ ಅಂಚು ಆಕಾಶದಲ್ಲಿ ಕರಗಿಹೋಗುತ್ತಿದೆ. ತೆಂಗಿನ ಗರಿಗಳ ಸುತ್ತ ಬಿಳಿ ಗೆರೆ. ಏನು ಮಾಡಲಿ?

ಇವೆರಡು ಬೇರೆ ಬೇರೆ ಕಾಯಿಲೆ, ಒಂದೇ ಮದ್ದು ಹಾಕಬೇಡಿ.

ಪ್ಯಾರಾಪೆಟ್ಟಿನದು ಮಾಸ್ಕ್ ಸೋರುವ ಕಥೆ. ಬಿಳಿ ಆಕಾಶದ ಮುಂದೆ ಬಿಳಿ ಗೋಡೆ ಇದ್ದರೆ ಪ್ರೋಗ್ರಾಮಿಗೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಮಾಸ್ಕಿನ ಚಿಕ್ಕ ಚಿತ್ರವನ್ನು Alt ಒತ್ತಿ ಕ್ಲಿಕ್ ಮಾಡಿ, ಮಾಸ್ಕ್ ಪರದೆ ತುಂಬಾ ಕಾಣುತ್ತದೆ. ಮನೆ ಪೂರ್ತಿ ಕಪ್ಪು ಇರಬೇಕು. ಗೋಡೆಯ ಮೇಲೆ ಹೊಗೆಯಂಥ ಬೂದು ಕಂಡರೆ, ಅಷ್ಟು ಆಕಾಶ ಗೋಡೆಯ ಮೇಲೆ ಬಿದ್ದಿದೆ ಅಂತ ಲೆಕ್ಕ. ಗೋಡೆ ಸಪ್ಪೆಯಾಗುವ ಎರಡನೇ ದಾರಿ ಇದೇ. ತುಂಬಾ ತೆಳು ಬೂದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಮೌಸನ್ನು ಗೋಡೆಯ ಮೇಲೆ ಆಡಿಸುತ್ತಾ Info ನೋಡಿ. ಎಲ್ಲ ಕಡೆ 0 ಬರಬೇಕು. ಗೋಡೆ, ಪ್ಯಾರಾಪೆಟ್, ನೀರಿನ ಟ್ಯಾಂಕು, ಹೀಟರಿನ ಕಾಲುಗಳು, ಇಂಥ ಗಟ್ಟಿ ಅಂಚಿಗೆ ಪೆನ್ ಟೂಲೇ ಸರಿ. ಬೇಜಾರಿನ ಕೆಲಸ, ಆದರೆ 30x40 ಮನೆಗೆ ಹದಿನೈದು ನಿಮಿಷ ಸಾಕು. ಅಂಚನ್ನು ಅರ್ಧದಿಂದ ಒಂದು ಪಿಕ್ಸೆಲ್ ಮಾತ್ರ ಮೆದುಗೊಳಿಸಿ. ಐದು ಪಿಕ್ಸೆಲ್ ಮಾಡಿದರೆ ಮನೆಯ ಸುತ್ತ ಮಂಜು ಕಟ್ಟುತ್ತದೆ.

ತೆಂಗಿನ ಗರಿಯ ಬಿಳಿ ಗೆರೆ ಹಾಗಲ್ಲ. ಗರಿಯ ಅಂಚಿನ ಪಿಕ್ಸೆಲಿನಲ್ಲಿ ಅರ್ಧ ಹಸಿರು, ಅರ್ಧ ಹಳೆಯ ಬಿಳಿ ಆಕಾಶ ಬೆರೆತಿರುತ್ತದೆ. ಮಾಸ್ಕ್ ಎಷ್ಟೇ ಚೊಕ್ಕ ಇದ್ದರೂ ಆ ಬಿಳಿ ಜೊತೆಗೇ ಬರುತ್ತದೆ. ಇಲ್ಲಿ ಗರಿಗಳನ್ನು ಕತ್ತರಿಸಲು ಹೋಗಬೇಡಿ. ಆಕಾಶದ ಲೇಯರಿನ ಇನ್ನೊಂದು ಪ್ರತಿ ಮಾಡಿ, ಬ್ಲೆಂಡ್ ಮೋಡ್ Multiply ಇಡಿ. ಅದರ ಮಾಸ್ಕಿನಲ್ಲಿ ಗರಿಗಳೂ ಅವುಗಳ ಸಂದಿಗಳೂ ಸೇರಿ ಇಡೀ ಮರದ ತಲೆ ಬರುವ ಹಾಗೆ ಒರಟಾಗಿ ಬಣ್ಣ ಬಳಿಯಿರಿ. ಮೊದಲ ಪ್ರತಿಯ ಮಾಸ್ಕಿನಲ್ಲಿ ಅಷ್ಟೇ ಜಾಗವನ್ನು ಕಪ್ಪು ಮಾಡಿ. ಬಿಳಿ ಇದ್ದಲ್ಲಿ ನೀಲಿ ಕೂರುತ್ತದೆ, ಗರಿ ಕಪ್ಪಾಗಿಯೇ ಉಳಿಯುತ್ತದೆ, ಬೆರಕೆಯ ಅಂಚು ತಾನಾಗಿ ನೀಲಿಗೆ ತಿರುಗುತ್ತದೆ. ಹಳೆಯ ಆಕಾಶ 255ರ ಹತ್ತಿರ ಇದ್ದರೆ ಮಾತ್ರ ಇದು ಚೆನ್ನಾಗಿ ಕೂರುತ್ತದೆ. ಬೂದು ಆಕಾಶ ಆಗಿದ್ದರೆ ಮರದ ಸುತ್ತ ನೀಲಿ ಒಂದು ಪಟ್ಟು ಕಪ್ಪಾಗುತ್ತದೆ, ಆ ಪ್ರತಿಯನ್ನು Curves ಹಾಕಿ ಎತ್ತಬೇಕು. ಈ Multiply ಗೋಡೆಯ ಮೇಲೆ ಒಂದು ಚೂರೂ ಹರಿಯಬಾರದು. ಹರಿದರೆ ಹಳೇ ಕಥೆ.

ಆಕಾಶ ಎಷ್ಟು ಗಾಢ ಇರಬಹುದು?

ನೇರ ಬಿಸಿಲು ಬಿದ್ದ ಬಿಳಿ ಗೋಡೆ ನೀಲಿ ಆಕಾಶಕ್ಕಿಂತ ಹೊಳೆಯುತ್ತದೆ. ಹೊರಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ, ಕಣ್ಣು ಕುಕ್ಕುವುದು ಗೋಡೆ. ಹಾಗಾಗಿ ನೀಲಿ ಭಾಗ ಗೋಡೆಗಿಂತ ಕೆಳಗೇ ಇರಬೇಕು. ಬೋಗಾದಿ ಮನೆಯಲ್ಲಿ ಗೋಡೆ 224 ಇದ್ದಾಗ ಮೇಲಂಚಿನ ನೀಲಿಯ G ಸುಮಾರು 120ಕ್ಕೆ, ಪ್ಯಾರಾಪೆಟ್ ಹಿಂದಿನದು 185ಕ್ಕೆ ಇಟ್ಟೆ. ಬಿಳಿ ಮೋಡದ ಮೈ ಗೋಡೆಯಷ್ಟೇ ಬೆಳ್ಳಗಿರಬಹುದು.

ತುಂಬಾ ಗಾಢ ಮಾಡಿದರೆ ಮನೆ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಆಗ ಜನ ಗೋಡೆಯ ಕಾಂಟ್ರಾಸ್ಟ್ ಇಳಿಸಲು ಹೋಗುತ್ತಾರೆ. ಇಳಿಸಬೇಕಾದ್ದು ಆಕಾಶದ ಗಾಢ.

ಮುಂಗಾರಿನಲ್ಲಿ ಮೋಡ ಕವಿದ ದಿನ ತೆಗೆದ ಫೋಟೋ. ನೀಲಿ ಆಕಾಶ ಹಾಕಬಹುದಾ?

ಜೂನ್, ಜುಲೈನಲ್ಲಿ ಈ ಪ್ರಶ್ನೆ ವಾರಕ್ಕೊಂದು ಬರುತ್ತದೆ. ನನ್ನ ಉತ್ತರ, ಪೂರ್ತಿ ನೀಲಿ ಬೇಡ.

ಮೋಡ ಕವಿದಾಗ ಇಡೀ ಆಕಾಶವೇ ದೀಪ. ನೆಟ್ಟಗೆ ನಿಂತ ಗೋಡೆಗೆ ಅದರ ಅರ್ಧ ಮಾತ್ರ ಎದುರಿಗಿರುತ್ತದೆ. ಹಾಗಾಗಿ ಗೋಡೆ ಆಕಾಶಕ್ಕಿಂತ ಮಂದವಾಗಿಯೇ ಇರುತ್ತದೆ, ಸಜ್ಜಾ ಕೆಳಗೆ ಅಂಚಿಲ್ಲದ ಮೆತ್ತನೆ ನೆರಳು. ಇದರ ಹಿಂದೆ ಅಚ್ಚ ನೀಲಿ ಹಾಕಿದರೆ ನೋಡುವವರ ಕಣ್ಣು ಬಿಸಿಲು ಹುಡುಕುತ್ತದೆ. ಬಿಸಿಲೇ ಇಲ್ಲ. ಗೋಡೆಯ ಕಾಂಟ್ರಾಸ್ಟ್ ಒಂದು ಅಂಕಿಯೂ ಬದಲಾಗದಿದ್ದರೂ ಗೋಡೆ ಸತ್ತ ಹಾಗೆ ಕಾಣುತ್ತದೆ. ಕುಂಚ ಹಿಡಿದು ಸಜ್ಜಾ ಕೆಳಗೆ ನೆರಳು ಬರೆಯುವವರನ್ನೂ ನೋಡಿದ್ದೇನೆ. ಸಜ್ಜಾದ್ದು ಬರೆದರೆ ಗೇಟಿನದು, ಕಾರಿನದು, ಹೂಕುಂಡದ್ದು ಎಲ್ಲ ಬರೆಯಬೇಕು. ಎಲ್ಲೋ ಒಂದು ಬಿಟ್ಟುಹೋಗುತ್ತದೆ.

ಇಂಥ ಫೋಟೋಗೆ ಒಪ್ಪುವುದು ಪದರ ಪದರವಾಗಿರುವ ತಿಳಿ ಬೂದು ಮೋಡ, ನಡುವೆ ಅಲ್ಲಲ್ಲಿ ಮಾಸಲು ನೀಲಿಯ ಕಿಂಡಿ. ಸೂರ್ಯ ಈಗ ತಾನೇ ಮೋಡದ ಹಿಂದೆ ಹೋದ ಅನ್ನುವ ಹಾಗೆ. ಆಕಾಶದ ಹೆಚ್ಚಿನ ಭಾಗ ಗೋಡೆಗಿಂತ ಬೆಳ್ಳಗೇ ಇರಲಿ. ಗಿರಾಕಿಗೆ ಇದು ಮೊದಲು ಸಪ್ಪೆ ಅನ್ನಿಸಬಹುದು, ಪಕ್ಕದಲ್ಲಿ ನೀಲಿಯದನ್ನೂ ಇಟ್ಟು ತೋರಿಸಿದರೆ ಸಾಮಾನ್ಯವಾಗಿ ಇದನ್ನೇ ಆರಿಸುತ್ತಾರೆ.

ಉತ್ತರಕ್ಕೆ ಮುಖ ಮಾಡಿದ ಮನೆಗೆ ಬಿಸಿಲೇ ಬೀಳಲ್ಲ ಅಲ್ವಾ?

ಮೈಸೂರಲ್ಲಿ ಬೀಳುತ್ತದೆ. ನಾವು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಜೂನಿನಲ್ಲಿ ಮಧ್ಯಾಹ್ನ ಸುಮಾರು 79 ಡಿಗ್ರಿ ಎತ್ತರದಲ್ಲಿರುವುದರಿಂದ 2 ಅಡಿ ಸಜ್ಜಾದ ನೆರಳು 10 ಅಡಿ ಇಳಿದು ಗೋಡೆ ನುಂಗುತ್ತದೆ. ಆದರೆ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಆದ್ದರಿಂದ "ಉತ್ತರದ ಗೋಡೆ, ನೆರಳೇ ಇರಬೇಕು" ಅಂತ ಊಹೆ ಮಾಡಬೇಡಿ. ಸಜ್ಜಾ ನೋಡಿ.

ಕಿಟಕಿ ಗಾಜಿನಲ್ಲೂ ಹೊಸ ಆಕಾಶ ಕಾಣಬೇಕಲ್ವಾ?

ಮುಂಭಾಗದ ಗಾಜಿನಲ್ಲಿ ಬೇಡ. ಅದರಲ್ಲಿ ಕಾಣುವುದು ಕ್ಯಾಮೆರಾ ಹಿಂದಿನ ಆಕಾಶ, ನೀವು ಬದಲಿಸಿದ್ದು ಮನೆ ಹಿಂದಿನದು. ಒಂದೇ ಮೋಡ ಮನೆ ಮೇಲೂ ಗಾಜಿನಲ್ಲೂ ಕಂಡರೆ ಅದೇ ತಪ್ಪು. ಗಾಜಿನಲ್ಲಿ ಬಿಳಿ ಜಾಸ್ತಿ ಹೊಳೆದರೆ ಅಲ್ಲಿಗೆ ಮಾತ್ರ ಚೂರು ನೀಲಿ ತಾಗಿಸಿ, ಸಾಕು. ಕಾರಿನ ಬಾನೆಟ್ಟು, ಒದ್ದೆ ನೆಲ ಮಾತ್ರ ಮನೆ ಹಿಂದಿನ ಆಕಾಶವನ್ನು ತೋರಿಸಬಹುದು, ಅವನ್ನು ಒಮ್ಮೆ ನೋಡಿಕೊಳ್ಳಿ.

ಕಳಿಸುವ ಮುಂಚೆ ಏನೇನು ನೋಡಬೇಕು?

ಮೊದಲು ಚೀಟಿ. ಬೋಗಾದಿ ಮನೆಯಲ್ಲಿ ಕೊನೆಗೆ 224 ಹಾಗೇ ಇತ್ತು, ನೆರಳು 92 ಇದ್ದದ್ದು 91 ಆಗಿತ್ತು. ಆಮೇಲೆ ಎಲ್ಲದರ ಮೇಲೆ ಒಂದು Black & White ಲೇಯರ್ ಹಾಕಿ ನೋಡುತ್ತೇನೆ. ಬಣ್ಣ ಹೋದಾಗ ಬೆಳಕಿನ ತಪ್ಪು ಬಾಯಿಬಿಡುತ್ತದೆ. ಆ ದಿನ ಎಡಗಡೆಯ ಒಂದು ಮೋಡ ಗೋಡೆಗಿಂತ ಬೆಳ್ಳಗಿರುವುದು ಸಿಕ್ಕಿದ್ದು ಹಾಗೆಯೇ. ಕೊನೆಗೆ ಫೋಟೋವನ್ನು ವಾಟ್ಸಾಪಿನಲ್ಲಿ ಕಾಣುವಷ್ಟು ಚಿಕ್ಕದು ಮಾಡಿ, ಎದ್ದು ಹೋಗಿ ಕಾಫಿ ಕುಡಿದು ಬಂದು ನೋಡುತ್ತೇನೆ. ಮೊದಲು ಕಣ್ಣು ಹೋಗಿದ್ದು ಆಕಾಶಕ್ಕಾದರೆ ಆಕಾಶದ ಬಣ್ಣ ಇಳಿಸುತ್ತೇನೆ.

ಆಕಾಶದ ಜೊತೆ ಮನೆ ಮುಂದಿನ ಕರೆಂಟ್ ತಂತಿ, ಟ್ರಾನ್ಸ್‌ಫಾರ್ಮರ್ ಕೂಡ ತೆಗೆದುಬಿಡಲಾ?

ಆಕಾಶ ನಾಳೆ ತಾನೇ ಬದಲಾಗುತ್ತದೆ, ಟ್ರಾನ್ಸ್‌ಫಾರ್ಮರ್ ಅಲ್ಲೇ ಇರುತ್ತದೆ. ಮಾರಾಟಕ್ಕಿರುವ ಮನೆಯಾದರೆ ನಾನು ತೆಗೆಯುವುದಿಲ್ಲ. ತಂತಿಗಳನ್ನು ಹೊಸ ಆಕಾಶದ ಮೇಲೆ ಉಳಿಸುವುದಕ್ಕೂ ಮೇಲೆ ಹೇಳಿದ Multiply ದಾರಿಯೇ ಆಗುತ್ತದೆ.